ಮಳೆ ಬಂದಾಗ ಮಾತ್ರ ನಿಲ್ಲುತ್ತಿದ್ದ ಕಾರು

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಇದ್ದವರಿಗೆ ಆ ರಾತ್ರಿಯ ಮಳೆ ನೆನಪಿರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು ಕೆರೆಯಾಗಿತ್ತು. ನಮ್ಮ ಕಾರು ರ‍್ಯಾಂಪಿನ ಹತ್ತಿರ ಸ್ವಲ್ಪ ಎತ್ತರದಲ್ಲಿದ್ದದ್ದರಿಂದ ಪೂರ್ತಿ ಮುಳುಗಲಿಲ್ಲ. ಬಾಗಿಲ ಹೊಸ್ತಿಲು ದಾಟಿ ಒಳಗೆ ಕಾರ್ಪೆಟ್ ಮೇಲೆ ನಾಲ್ಕು ಬೆರಳಷ್ಟು ನೀರು ನಿಂತಿತ್ತು, ಸೀಟು ಒದ್ದೆಯಾಗಿರಲಿಲ್ಲ. ಸ್ಟಾರ್ಟ್ ಮಾಡಬಾರದು ಅನ್ನುವಷ್ಟು ಬುದ್ಧಿ ನನಗಿತ್ತು. ಗಾಡಿ ಎಳೆಸಿಕೊಂಡು ಹೋಗಿ ಗ್ಯಾರೇಜಿಗೆ ಬಿಟ್ಟೆ. ಅವರು ಕಾರ್ಪೆಟ್ ಬಿಚ್ಚಿ ಒಣಗಿಸಿ, ಆಯಿಲ್ ಬದಲಾಯಿಸಿ, ಎರಡು ವಾರಕ್ಕೆ ಕಾರು ವಾಪಸ್ ಕೊಟ್ಟರು. ಚೆನ್ನಾಗಿಯೇ ಓಡುತ್ತಿತ್ತು. ಅದು ಅಪ್ಪ ರಿಟೈರ್ ಆದಾಗ ಬಂದ ದುಡ್ಡಲ್ಲಿ ತೆಗೆದುಕೊಂಡ ಕಾರು. ಆಮೇಲೆ "ನನಗ್ಯಾಕಪ್ಪಾ ಊರಲ್ಲಿ, ನೀನೇ ಇಟ್ಕೋ" ಅಂತ ನನಗೆ ಕೊಟ್ಟಿದ್ದರು. ಬಚಾವಾಯಿತಲ್ಲ ಅಂದುಕೊಂಡೆ.

ಅಕ್ಟೋಬರ್ ಮಳೆಯಲ್ಲಿ ಶುರುವಾಯಿತು ನೋಡಿ. ಒಂದು ರಾತ್ರಿ ಹೆಬ್ಬಾಳದ ಫ್ಲೈಓವರ್ ಮೇಲೆ, ಜೋರು ಮಳೆ, ಹಿಂದಿನ ಸೀಟಲ್ಲಿ ಹೆಂಡತಿ ಮತ್ತು ಎರಡು ವರ್ಷದ ಮಗಳು. ಮುಂದಿನ ಬಸ್ಸು ನಿಧಾನ ಮಾಡಿತು ಅಂತ ಬ್ರೇಕ್ ಒತ್ತಿದೆ. ಇಂಜಿನ್ನು ಎರಡು ಸಲ ಮುಗ್ಗರಿಸಿ ಆಫ್ ಆಯಿತು. ಇಂಜಿನ್ ಆಫ್ ಆದರೆ ಸ್ಟೀರಿಂಗು ಕಲ್ಲಿನ ಹಾಗೆ ಆಗುತ್ತದೆ. ಒಂದೆರಡು ಸಲ ಒತ್ತಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ಹ್ಯಾಗೋ ಪಕ್ಕಕ್ಕೆ ತಳ್ಳಿಕೊಂಡೆ. ಐದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆನ್ನುವಂತೆ ಸ್ಟಾರ್ಟ್ ಆಯಿತು. ಮನೆ ಮುಟ್ಟುವವರೆಗೆ ನನ್ನಾಕೆ ಒಂದು ಮಾತೂ ಆಡಲಿಲ್ಲ. ಇಳಿಯುವಾಗ, "ಇನ್ಮೇಲೆ ಈ ಕಾರಲ್ಲಿ ನಾನು ಮಗೂನ ಕೂರಿಸಲ್ಲ" ಅಂದಳು.

ಗ್ಯಾರೇಜಿನವರು ಸ್ಕ್ಯಾನರ್ ಹಾಕಿದರು, ಏನೂ ಸಿಗಲಿಲ್ಲ. ಪೆಟ್ರೋಲ್ ಪಂಪು ಬದಲಾಯಿಸಿದರು, ಒಂಬತ್ತು ಸಾವಿರ. ಮುಂದಿನ ಮಳೆಗೆ ಮತ್ತೆ ನಿಂತಿತು. ರಿಲೇ ಬದಲಾಯಿಸಿದರು, ಮತ್ತೆ ನಿಂತಿತು. ಒಣ ದಿನ ಮೈಸೂರಿಗೆ ಹೋಗಿ ಬಂದರೂ ಒಂದು ಸಲವೂ ಕೈಕೊಡುತ್ತಿರಲಿಲ್ಲ. "ಎಲ್ಲೋ ನೀರು ಒಳಗೆ ಹೋಗ್ತಿದೆ ಸಾರ್" ಅಂತ ಹೇಳಿ ಪೈಪ್ ಹಿಡಿದು ಕಾರಿನ ಮೇಲೆ, ಕೆಳಗೆ ನೀರು ಹೊಡೆದೂ ನೋಡಿದರು. ಇಂಜಿನ್ನು ಗುಟುಗುಟು ಅಂತ ಸಮಾಧಾನವಾಗಿ ಓಡುತ್ತಲೇ ಇತ್ತು. ಕೊನೆಗೆ, "ಇಡೀ ವೈರಿಂಗ್ ಬದಲಾಯಿಸಬೇಕು, ಎಪ್ಪತ್ತು ಸಾವಿರದ ಮೇಲಾಗುತ್ತೆ, ಅದಕ್ಕಿಂತ ಮಾರಿಬಿಡಿ" ಅಂದರು.

ಮಾರಿಬಿಡೋಣ ಅಂತಲೇ ತೀರ್ಮಾನ ಮಾಡಿದೆ. ನಾಚಿಕೆಯ ವಿಷಯ, ಆದರೂ ಹೇಳುತ್ತೇನೆ: ಜನವರಿಯಲ್ಲಿ ಮಾರಬೇಕು ಅಂತ ಲೆಕ್ಕ ಹಾಕಿದ್ದೆ. ಜನವರಿಯಲ್ಲಿ ಮಳೆ ಇರುವುದಿಲ್ಲ, ಟ್ರಯಲ್ ಓಡಿಸುವವನಿಗೆ ಏನೂ ಗೊತ್ತಾಗುವುದಿಲ್ಲ. ಒಬ್ಬ ಹುಡುಗ ನೋಡಿ, ಒಪ್ಪಿ, ಮುಂಗಡ ಕೊಡುತ್ತೇನೆ ಅಂದೂ ಆಗಿತ್ತು. ಸಂಕ್ರಾಂತಿಗೆ ತಿಪಟೂರಿಗೆ ಹೋದಾಗ ಅಪ್ಪನಿಗೆ ಈ ವಿಷಯ ಹೇಳಿದೆ. ಅಪ್ಪ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಆ ಹುಡುಗನಿಗೆ ಮಕ್ಕಳಿದಾವೇನೋ?" ಅಂತ ಒಂದೇ ಮಾತು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಪ್ಪ ಮೂವತ್ತು ವರ್ಷ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಕಾರಿನ ವೈರಿಂಗ್ ಅವರಿಗೆ ಗೊತ್ತಿಲ್ಲ. "ಮೀಟರ್ ಇಟ್ಟು ನೋಡಿದ್ಯಾ?" ಅಂದರು. ನೋಡಿದ್ದೆ. ನಾನೂ ಇಂಜಿನಿಯರೇ ತಾನೆ. ಬ್ಯಾಟರಿ ಬಿಚ್ಚಿ, ಮಲ್ಟಿಮೀಟರನ್ನು ಬೀಪ್ ಹೊಡೆಯುವ ಜಾಗಕ್ಕಿಟ್ಟು, ಪಂಪಿನ ಅರ್ತ್ ವೈರಿಗೆ ಒಂದು ಕಡ್ಡಿ, ಕಾರಿನ ಬಾಡಿಗೆ ಇನ್ನೊಂದು ಕಡ್ಡಿ ಇಟ್ಟಿದ್ದೆ. ಬೀಪ್ ಅಂದಿತ್ತು. ಓಮ್ಸ್‌ಗೆ ತಿರುಗಿಸಿದರೆ 0.7 ತೋರಿಸಿತ್ತು. ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದರೇ 0.4 ಬರುವ ಅಗ್ಗದ ಮೀಟರ್ ಅದು. ಅಂದರೆ ನಿಜವಾದ ರೆಸಿಸ್ಟೆನ್ಸ್ ಬರೀ 0.3 ಓಮ್. ಅರ್ತ್ ಸರಿಯಾಗಿದೆ ಅಂತ ಅಲ್ಲಿಗೇ ಬಿಟ್ಟಿದ್ದೆ.

ಅಪ್ಪ ನಕ್ಕರು. "ಲೋಡ್ ಇಲ್ಲದೆ ನೋಡಿದ್ರೆ ಎಲ್ಲಾ ಲೈನೂ ಸರಿಯಾಗೇ ಇರುತ್ತೆ ಕಣೋ. ನ್ಯೂಟ್ರಲ್ ಲೂಸ್ ಆದ ಮನೇಲಿ ಬಲ್ಬ್ ಒಂದೇ ಹಾಕಿದ್ರೆ ಚೆನ್ನಾಗೇ ಉರಿಯುತ್ತೆ. ಪಂಪ್‌ಸೆಟ್ ಹಾಕು, ಆಗ ಗೊತ್ತಾಗುತ್ತೆ ಅದರ ಬಣ್ಣ."

ನನಗೆ ಆ ಕ್ಷಣಕ್ಕೇ ವಿಷಯ ಅರ್ಥವಾಯಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಿನಲ್ಲಿ ಪ್ರತಿಯೊಂದು ಬಲ್ಬಿಗೂ, ಮೋಟರಿಗೂ ಬ್ಯಾಟರಿಯ ಪ್ಲಸ್‌ನಿಂದ ವೈರ್ ಬರುತ್ತದೆ. ವಾಪಸ್ ಹೋಗುವ ದಾರಿ ಮಾತ್ರ ಕಾರಿನ ಕಬ್ಬಿಣದ ಬಾಡಿಯೇ. ಕಪ್ಪು ವೈರುಗಳನ್ನೆಲ್ಲ ಒಂದೆರಡು ಕಡೆ ಸೇರಿಸಿ, ತುದಿಗೆ ಬಳೆಯಂಥ ಟರ್ಮಿನಲ್ ಹಾಕಿ, ಒಂದು ಬೋಲ್ಟಿನಲ್ಲಿ ಬಾಡಿಗೆ ಬಿಗಿದಿರುತ್ತಾರೆ. ಅದೇ ಅರ್ತ್ ಪಾಯಿಂಟು. ನಮ್ಮ ಕಾರಿನಲ್ಲಿ ಹಿಂಭಾಗದ ಸಾಮಾನೆಲ್ಲ, ಅಂದರೆ ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು, ಹಿಂದಿನ ದೀಪಗಳು, ಬ್ರೇಕ್ ದೀಪಗಳು, ಹಿಂದಿನ ಗಾಜಿನ ಮಂಜು ಕರಗಿಸುವ ಡಿಫಾಗರ್, ಎಲ್ಲವೂ ಒಂದೇ ಬೋಲ್ಟಿಗೆ ಬರುತ್ತಿದ್ದವು.

ಆ ಬೋಲ್ಟಿನಲ್ಲಿ 0.3 ಓಮ್ ಅಡ್ಡಿಯಿದೆ ಅಂದುಕೊಳ್ಳಿ. ಓಮ್ ಮೀಟರ್ ತೀರ ಸಣ್ಣ ಕರೆಂಟ್ ಕಳಿಸಿ ನೋಡುತ್ತದೆ, ಅದಕ್ಕೆ ಇದು ಏನೂ ಅಲ್ಲ. ಬೀಪ್ ಅಂತೂ ಹಲವು ಮೀಟರ್‌ಗಳಲ್ಲಿ 30 ಓಮ್ ಇದ್ದರೂ ಹೊಡೆಯುತ್ತದೆ. ಆದರೆ ಪಂಪ್ ಒಂದೇ 4 ಆಂಪ್ಸ್ ಎಳೆದರೆ ಆ 0.3 ಓಮ್‌ನಲ್ಲಿ ಒಂದು ವೋಲ್ಟಿಗೂ ಹೆಚ್ಚು ಸೋರಿಹೋಗುತ್ತದೆ. ಮಳೆಯ ರಾತ್ರಿ ನಾವು ಏನು ಮಾಡುತ್ತೇವೆ? ದೀಪ ಹಾಕುತ್ತೇವೆ. ಹಿಂದಿನ ಗಾಜು ಮಂಜಾಗುತ್ತದೆ ಅಂತ ಡಿಫಾಗರ್ ಹಾಕುತ್ತೇವೆ, ಅದೊಂದೇ 10 ಆಂಪ್ಸ್‌ನಷ್ಟು ನುಂಗುತ್ತದೆ. ಟ್ರಾಫಿಕ್ಕಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತುತ್ತೇವೆ. ಅಷ್ಟೂ ಕರೆಂಟು ಅದೇ ಕೆಟ್ಟ ಬೋಲ್ಟಿನ ಮೂಲಕ ವಾಪಸ್ ಹೋಗಬೇಕು. ಪಂಪಿಗೆ ಉಳಿಯುವ ವೋಲ್ಟೇಜು ಕುಸಿಯುತ್ತದೆ, ಪೆಟ್ರೋಲ್ ಒತ್ತಡ ಬೀಳುತ್ತದೆ, ಇಂಜಿನ್ ಮುಗ್ಗರಿಸುತ್ತದೆ. ಕಾರಿನೊಳಗೆ ಹೊಸದಾಗಿ ನೀರು ಹೋಗುತ್ತಲೇ ಇರಲಿಲ್ಲ. ಮಳೆ ಬಂದಾಗ ನಾವು ಒತ್ತುವ ಸ್ವಿಚ್ಚುಗಳೇ ಕಾರು ನಿಲ್ಲಿಸುತ್ತಿದ್ದವು. ಗ್ಯಾರೇಜಿನವರು ಎಷ್ಟು ನೀರು ಹೊಡೆದರೂ ದೀಪ, ಡಿಫಾಗರ್ ಹಾಕದೆ ನೋಡಿದ್ದರಿಂದ ಅದು ಅವರಿಗೆ ಸಿಗಲಿಲ್ಲ.

ಇದೆಲ್ಲ ಆಗ ಬರೀ ಊಹೆ. ಅಳೆದು ನೋಡಬೇಕಿತ್ತು. ಮಾರನೇ ದಿನ ಬೆಳಗ್ಗೆ ಕಾರನ್ನು ಮನೆ ಮುಂದಿನ ಬಯಲಿನಲ್ಲಿ ನಿಲ್ಲಿಸಿದೆವು. ಅಪ್ಪನ ಹಳೇ ಪೆಟ್ಟಿಗೆಯಲ್ಲಿ ಐದಾರು ಮೀಟರ್ ಉದ್ದದ ತೆಳು ವೈರ್ ಸಿಕ್ಕಿತು. ಅದರ ಒಂದು ತುದಿಗೆ ಮೊಸಳೆ ಕ್ಲಿಪ್ ಹಾಕಿ ಬ್ಯಾಟರಿಯ ಮೈನಸ್ ಕಂಬಕ್ಕೆ ಕಚ್ಚಿಸಿ, ಇನ್ನೊಂದು ತುದಿಯನ್ನು ಕಿಟಕಿಯಿಂದ ಒಳಗೆ ತಂದು ಮೀಟರಿನ ಕಪ್ಪು ಕಡ್ಡಿಗೆ ಸೇರಿಸಿದೆ. ಕ್ಲಿಪ್ಪನ್ನು ಬ್ಯಾಟರಿ ಕೇಬಲಿನ ಮೇಲಲ್ಲ, ಕಂಬಕ್ಕೇ ಹಾಕಬೇಕು. ಇಲ್ಲದಿದ್ದರೆ ಕಂಬಕ್ಕೂ ಕೇಬಲಿಗೂ ನಡುವೆಯೇ ಕಿಲುಬು ಕಟ್ಟಿದ್ದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ವೋಲ್ಟ್ಸ್ ಅಳೆಯುವಾಗ ಮೀಟರಿನಲ್ಲಿ ಹರಿಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ವೈರ್ ತೆಳುವಿದ್ದರೂ ಪರವಾಗಿಲ್ಲ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟೆ. ಅಪ್ಪಿತಪ್ಪಿ ಆಂಪ್ಸ್‌ನಲ್ಲಿಟ್ಟು ಬ್ಯಾಟರಿ ಮುಟ್ಟಿಸಿದರೆ ಶಾರ್ಟ್ ಆದಂತೆಯೇ.

ಹಿಂದಿನ ಸೀಟು ಎತ್ತಿದರೆ ಪಂಪಿನ ಮುಚ್ಚಳ, ಅದರ ಮೇಲೆ ಕನೆಕ್ಟರು. ಇಲ್ಲಿ ಎಚ್ಚರ ಬೇಕು, ಕೆಳಗೇ ಪೆಟ್ರೋಲ್ ಟ್ಯಾಂಕಿದೆ. ನಾಲ್ಕೂ ಬಾಗಿಲು ತೆಗೆದು ಗಾಳಿಯಾಡಲು ಬಿಟ್ಟೆವು. ಪೆಟ್ರೋಲ್ ವಾಸನೆ ಬಂದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆವು. ಇಂಜಿನ್ ಓಡುವಾಗ ಕನೆಕ್ಟರ್ ಬಿಚ್ಚಬಾರದು, ಕಿಡಿ ಹಾರುತ್ತದೆ. ಹಾಕಿದ ಹಾಗೇ ಬಿಟ್ಟು, ಹಿಂಬದಿಯಿಂದ ವೈರಿನ ಪಕ್ಕದಲ್ಲಿ ಸಣ್ಣ ಗುಂಡುಸೂಜಿ ತೂರಿಸಿ ಒಳಗಿನ ಪಿನ್ನನ್ನು ಮುಟ್ಟಿಸಬೇಕು. ವೈರಿನ ಮೇಲ್ಪದರಕ್ಕೆ ಸೂಜಿ ಚುಚ್ಚಬಾರದು, ಆ ತೂತಿನಿಂದಲೇ ಮುಂದೆ ನೀರು ಹೋಗುತ್ತದೆ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಕಡ್ಡಿ ಇಡಲೇಬಾರದು.

ಅಪ್ಪ ಡ್ರೈವರ್ ಸೀಟಲ್ಲಿ ಕೂತರು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿದರು. ನಾನು ಕೆಂಪು ಕಡ್ಡಿಯನ್ನು ಪಂಪಿನ ಕಪ್ಪು ವೈರಿನ ಸೂಜಿಗೆ ಇಟ್ಟೆ. ಎರಡೂ ತುದಿ ಮೈನಸ್ಸೇ, ಹಾಗಾಗಿ ಸೊನ್ನೆ ಹತ್ತಿರ ಇರಬೇಕು. ಒಳ್ಳೆ ಅರ್ತ್ ಆದರೆ ಲೋಡಿನಲ್ಲೂ 0.1, ಹೆಚ್ಚೆಂದರೆ 0.2 ವೋಲ್ಟ್.

ಮೀಟರ್ 1.1 ತೋರಿಸಿತು.

"ದೀಪ ಹಾಕಿ ಅಪ್ಪಾ." 1.4.

"ಬ್ರೇಕ್ ಒತ್ತಿ." 2.2.

"ಡಿಫಾಗರ್." 4.0. ಇಂಜಿನ್ನು ನಡುಗಿತು. ನಾನು ಕಾರಿನ ಹಿಂಭಾಗವನ್ನು ಕೈಯಿಂದ ಜೋರಾಗಿ ಅಲುಗಾಡಿಸಿದೆ. ಮೀಟರ್ ಐದು ದಾಟಿತು, ಇಂಜಿನ್ ನಿಂತುಹೋಯಿತು.

ಮೂರು ತಿಂಗಳು ಸಿಗದಿದ್ದ ತೊಂದರೆ, ಮಳೆಯೇ ಇಲ್ಲದ ಸಂಕ್ರಾಂತಿಯ ಬಿಸಿಲಲ್ಲಿ, ಮೂರು ಸ್ವಿಚ್ಚಿಗೆ ಸಿಕ್ಕಿಬಿತ್ತು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಪಂಪ್‌ಸೆಟ್ ಹಾಕ್ದಂಗಾಯ್ತಲ್ಲ" ಅಂದರು.

ಇನ್ನು ಆ ನಾಲ್ಕು ವೋಲ್ಟ್ ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು. ನಮ್ಮ ಕೆಲಸದಲ್ಲಿ ಪ್ರೋಗ್ರಾಮಿನ ತಪ್ಪು ಹುಡುಕುವಾಗ ಅರ್ಧರ್ಧ ಮಾಡಿಕೊಂಡು ಹೋಗುತ್ತೇವೆ. ಇಲ್ಲೂ ಅದೇ. ದಾರಿಯ ನಡುವಿನ ಒಂದು ಜಾಗ ಅಳೆದರೆ ತೊಂದರೆ ಅದರ ಆಚೆಯೋ ಈಚೆಯೋ ಗೊತ್ತಾಗುತ್ತದೆ. ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ನಲ್ಲೇ ಇರಲಿ. ಎಲ್ಲ ಲೋಡ್ ಹಾಕಿ, ಕೆಂಪು ಕಡ್ಡಿಯನ್ನು ಡಿಕ್ಕಿಯಲ್ಲಿ ಬಣ್ಣವಿಲ್ಲದ ಕಬ್ಬಿಣಕ್ಕೆ ಒತ್ತಿದೆ: 0.07. ಅಂದರೆ ಬ್ಯಾಟರಿಯಿಂದ ಕಾರಿನ ಹಿಂಭಾಗದ ಬಾಡಿಯವರೆಗೆ ದಾರಿ ಸ್ವಚ್ಛವಾಗಿದೆ. ಉಳಿದದ್ದೆಲ್ಲ ಬಾಡಿಗೂ ಕಪ್ಪು ವೈರಿಗೂ ನಡುವೆ. ಎಡಗಡೆ ಹಿಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಕಪ್ಪು ವೈರುಗಳ ಜಾಡು ಹಿಡಿದು ಹೋದರೆ, ತಳದಲ್ಲಿ ಆ ಬೋಲ್ಟು. ಕೆಂಪು ಕಡ್ಡಿ ಬೋಲ್ಟಿನ ತಲೆಗೆ: 0.1. ಬಳೆಯ ಟರ್ಮಿನಲ್ಲಿಗೆ: 3.1. ಟರ್ಮಿನಲ್ ದಾಟಿ ವೈರಿನ ಕಡೆ: ನಾಲ್ಕರ ಹತ್ತಿರ. ಒಂದೇ ಅಂಗುಲದೊಳಗೆ ಎರಡು ತೊಂದರೆ. ಟರ್ಮಿನಲ್ಲಿಗೂ ಬಾಡಿಗೂ ನಡುವೆ ದೊಡ್ಡದು, ಟರ್ಮಿನಲ್ಲಿಗೂ ವೈರಿಗೂ ನಡುವೆ ಸಣ್ಣದು.

ಮೇಲಿಂದ ನೋಡಿದರೆ ಆ ಬೋಲ್ಟು ಹೊಸದರ ಹಾಗೆ ಹೊಳೆಯುತ್ತಿತ್ತು. ಬ್ಯಾಟರಿಯ ಮೈನಸ್ ಬಿಚ್ಚಿ, 10ರ ಸ್ಪ್ಯಾನರಿನಲ್ಲಿ ಬೋಲ್ಟ್ ತೆಗೆದು ಟರ್ಮಿನಲ್ ಎತ್ತಿದಾಗ ಕೆಳಗೆ ಕಾಫಿಪುಡಿಯಂಥ ತುಕ್ಕು. ಬಾಡಿಯ ಬಣ್ಣದ ಅಂಚಿನಿಂದ ಒಳಕ್ಕೆ ಹಬ್ಬಿತ್ತು. ಟರ್ಮಿನಲ್ ವೈರನ್ನು ಕಚ್ಚಿಕೊಂಡಿರುವ ಜಾಗದಲ್ಲಿ ಹಸಿರು ಕಿಲುಬು, ಹುಳಿ ತಾಗಿದ ಹಿತ್ತಾಳೆ ಪಾತ್ರೆಯಲ್ಲಿ ಕಟ್ಟುತ್ತದಲ್ಲ, ಅದೇ. ಸೆಪ್ಟೆಂಬರಿನ ನೀರು ಬರೀ ಮಳೆನೀರಲ್ಲ, ಚರಂಡಿ ನೀರೂ ಸೇರಿದ್ದು. ಅದರ ಉಪ್ಪಿನಂಶ ಆ ಸಂದಿಯಲ್ಲಿ ಉಳಿದುಕೊಂಡಿತ್ತು. ಕಬ್ಬಿಣ ಒಂದು ಲೋಹ, ಟರ್ಮಿನಲ್ ಇನ್ನೊಂದು ಲೋಹ, ನಡುವೆ ಉಪ್ಪಿನ ತೇವ. ಇವು ಮೂರೂ ಸೇರಿದರೆ ತುಕ್ಕು ಬೇಗ ಬೆಳೆಯುತ್ತದೆ. ಅದಕ್ಕೇ ಕಾರು ಒಣಗಿ ಬಂದ ದಿನ ಚೆನ್ನಾಗಿದ್ದು, ಐದಾರು ವಾರ ಬಿಟ್ಟು ಕೈಕೊಟ್ಟದ್ದು.

ಬಾಡಿಯನ್ನು ಎಮರಿ ಪೇಪರಿನಲ್ಲಿ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದೆವು. ಹಳೇ ಟರ್ಮಿನಲ್ ಕತ್ತರಿಸಿದೆ. ವೈರಿನೊಳಗಿನ ತಾಮ್ರ ಕಪ್ಪಾಗಿತ್ತು. ನೀರು ವೈರಿನೊಳಗೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ. ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸುತ್ತಾ ಹೋದಾಗ ಎರಡೂವರೆ ಅಂಗುಲ ಹೋಯಿತು. ಅಷ್ಟೇ ದಪ್ಪದ ಹೊಸ ವೈರ್ ಜೋಡಿಸಿ, ಹೊಸ ಟರ್ಮಿನಲ್ ಒತ್ತಿ ಕಚ್ಚಿಸಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಿದೆವು. ಬೋಲ್ಟ್ ಬಿಗಿದಾದ ಮೇಲೆ ಹೊರಗಡೆ ಗ್ರೀಸ್ ಸವರಿದೆವು. ಮೊದಲು ಲೋಹಕ್ಕೆ ಲೋಹ ಗಟ್ಟಿಯಾಗಿ ಕೂರಬೇಕು, ಗ್ರೀಸ್ ಬರೀ ಕೊಡೆ.

ಮತ್ತೆ ಎಲ್ಲ ಸ್ವಿಚ್ ಹಾಕಿ ಅಳೆದೆವು: 0.12. ನಾನು ಕುಣಿಯುವುದೊಂದು ಬಾಕಿ. ಅಪ್ಪ ಮಾತ್ರ, "ಬರೋ ದಾರಿ ನೋಡಿದ್ಯೇನೋ? ಹೋಗೋ ದಾರಿ ಒಂದೇ ನೋಡಿದ್ದು" ಅಂದರು.

ನಿಜವೇ. ಮೊಸಳೆ ಕ್ಲಿಪ್ಪನ್ನು ಈಗ ಬ್ಯಾಟರಿಯ ಪ್ಲಸ್ ಕಂಬಕ್ಕೆ ಹಾಕಿ, ಇನ್ನೊಂದು ಕಡ್ಡಿಯನ್ನು ಪಂಪಿನ ಪ್ಲಸ್ ಪಿನ್ನಿಗೆ ಇಟ್ಟೆ. ಫ್ಯೂಸು, ರಿಲೇ, ಉದ್ದದ ವೈರು ಎಲ್ಲ ಸೇರಿ ಇಲ್ಲಿ ಸ್ವಲ್ಪ ಹೋಗುವುದು ಸಹಜ, 0.3ರಷ್ಟು. ಬಂದದ್ದು 0.9. ಈ ಸಲ ವೈರಿನ ಗೊಂಚಲನ್ನು ಹಿಂದಿನಿಂದ ಮುಂದಕ್ಕೆ ಗೇಣು ಗೇಣು ಅಲುಗಾಡಿಸುತ್ತಾ ಬಂದೆ, ಅಪ್ಪ ಮೀಟರ್ ನೋಡುತ್ತಾ ಕೂತರು. ಡ್ರೈವರ್ ಬಾಗಿಲ ಹೊಸ್ತಿಲ ಹತ್ತಿರ, ಕಾರ್ಪೆಟ್ ಅಡಿ, ಒಂದು ಕನೆಕ್ಟರ್ ಮುಟ್ಟಿದಾಗ, "ಹಾಂ! ಎರಡೂವರೆ! ಅಲ್ಲೇ ಹಿಡ್ಕೋ" ಅಂದರು. ಬ್ಯಾಟರಿ ಬಿಚ್ಚಿ ತೆಗೆದು ನೋಡಿದರೆ ಹದಿನಾಲ್ಕು ಪಿನ್ನಿನಲ್ಲಿ ಒಂದೇ ಒಂದು ಹಸಿರಾಗಿತ್ತು, ಯಾವಾಗಲೂ ಹೆಚ್ಚು ಕರೆಂಟ್ ಹೊರುವ ಪಂಪಿನ ಪಿನ್ನು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿದರೆ ಹೊಳಪು ಬಂತು, ಆದರೆ ಪಿನ್ನಿನ ಮೇಲಿನ ಲೇಪನ ಹೋಗಿತ್ತು. ಲೇಪನ ಹೋದದ್ದು ಮತ್ತೆ ಕಿಲುಬುತ್ತದೆ. ಊರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಅದೇ ಅಳತೆಯ ಪಿನ್ ಸಿಕ್ಕಿತು, ಎರಡೂ ಕಡೆ ಬದಲಾಯಿಸಿದೆವು. 0.3ಕ್ಕೆ ಇಳಿಯಿತು, ಅಲುಗಾಡಿಸಿದರೂ ಕದಲಲಿಲ್ಲ.

ಒಟ್ಟು ಖರ್ಚು ಇನ್ನೂರೈವತ್ತು ರೂಪಾಯಿ, ಒಂದೂವರೆ ದಿನ. ಹಾಗಂತ ನೀರು ಹೊಕ್ಕ ಎಲ್ಲ ಕಾರಿಗೂ ಇದೇ ಮದ್ದು ಅಂತಲ್ಲ. ನೀರು ಡ್ಯಾಶ್‌ಬೋರ್ಡಿನವರೆಗೆ ಏರಿ ಕಂಟ್ರೋಲ್ ಬಾಕ್ಸುಗಳೊಳಗೆ ಹೋಗಿದ್ದರೆ ಮಲ್ಟಿಮೀಟರಿನಿಂದ ಆಗುವುದು ಕಡಿಮೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ನಮ್ಮಂಥವರು ಸುಳಿಯಲೂಬಾರದು, ಜೀವಕ್ಕೇ ಅಪಾಯ. ಆದರೆ ನೀರು ಕಾರ್ಪೆಟ್ ಮಟ್ಟಕ್ಕೇ ನಿಂತು, ತೊಂದರೆ ಬಂದು ಹೋಗಿ ಮಾಡುತ್ತಿದ್ದರೆ, ದುಬಾರಿ ಸಾಮಾನು ಬದಲಾಯಿಸುವ ಮೊದಲು ಗ್ಯಾರೇಜಿನವರಿಗೆ ಒಂದು ಮಾತು ಕೇಳಿ: "ಎಲ್ಲಾ ಲೋಡ್ ಹಾಕಿ ಅರ್ತಿನ ವೋಲ್ಟೇಜ್ ಡ್ರಾಪ್ ನೋಡಿದ್ರಾ?" ಇನ್ನೊಂದು ಸೂಚನೆಯೂ ನಮ್ಮ ಕಣ್ಣೆದುರೇ ಇತ್ತು. ಬ್ರೇಕ್ ಒತ್ತಿದಾಗ ಹಿಂದಿನ ದೀಪಗಳು ಮಂಕಾಗುತ್ತವೆ ಅಂತ ಪಕ್ಕದ ಮನೆಯವರು ಎರಡು ಸಲ ಹೇಳಿದ್ದರು. ಒಂದು ಸ್ವಿಚ್ ಹಾಕಿದರೆ ಸಂಬಂಧವಿಲ್ಲದ ಇನ್ನೊಂದು ದೀಪ ಮಂಕಾಗುವುದು ಅರ್ತ್ ಕೆಟ್ಟಿರುವುದರ ಗುರುತು. ನಾನದನ್ನು ಬಲ್ಬ್ ಹಳೆಯದಾಯಿತು ಅಂದುಕೊಂಡಿದ್ದೆ.

ಆ ಹುಡುಗನಿಗೆ ಫೋನ್ ಮಾಡಿ ಮಾರುವುದಿಲ್ಲ ಅಂದೆ. ಯಾಕೆ ಅಂತ ಕೇಳಿದ. ಕಾರು ನೀರು ಕುಡಿದದ್ದು, ನಿಲ್ಲುತ್ತಿದ್ದದ್ದು, ನಾನು ಮುಚ್ಚಿಟ್ಟದ್ದು, ಎಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ದು ಒಳ್ಳೇದಾಯ್ತು ಸಾರ್" ಅಂತ ಇಟ್ಟುಬಿಟ್ಟ. ಆ ಮಾತಿನಲ್ಲಿ ಕೋಪವೂ ಇತ್ತು, ಇರಬೇಕಾದದ್ದೇ.

ಈಗ ಪ್ರತಿ ಮೇ ಕೊನೆಯಲ್ಲಿ, ಮಳೆಗಾಲಕ್ಕೆ ಮೊದಲು, ಅದೇ ವೈರು ಎಳೆದು ಅದೇ ಎರಡು ಜಾಗ ಅಳೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರುವ ಚೀಟಿಯಲ್ಲಿ ಬರೆಯುತ್ತೇನೆ. ಮೊದಲ ವರ್ಷ 0.12, ಮುಂದಿನ ವರ್ಷ 0.13. ಅದು ಏರಲು ಶುರುವಾದರೆ ಕಾರು ನಿಲ್ಲುವ ಮೊದಲೇ ಗೊತ್ತಾಗುತ್ತದೆ.

ರಿಪೇರಿಯಾದ ವರ್ಷವೇ ಜೂನಿನಲ್ಲಿ ಒಂದು ರಾತ್ರಿ ಮತ್ತೆ ಜೋರು ಮಳೆ. ನನ್ನಾಕೆ ಮುಂದೆ ಕೂತಿದ್ದಳು, ಮಗಳು ಹಿಂದೆ ನಿದ್ದೆ ಹೋಗಿದ್ದಳು. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಹಿಂದಿನ ಗಾಜು ಮಂಜಾಯಿತು. ನಾನು ಕೈ ಚಾಚುವ ಮೊದಲು ಅವಳೇ ಡಿಫಾಗರ್ ಸ್ವಿಚ್ ಒತ್ತಿ, ನನ್ನ ಮುಖ ನೋಡಿದಳು. ಮುಂದೆ ಬಸ್ಸು ನಿಧಾನವಾಯಿತು. ಬ್ರೇಕ್ ಒತ್ತಿದೆ. ಇಂಜಿನ್ನು ಓಡುತ್ತಲೇ ಇತ್ತು.